ಮಂಟಪ ಖಾಲಿ, ಮೀಟರ್ ಓಡುತ್ತಲೇ ಇದೆ

ಆಷಾಢ ಬಂತೆಂದರೆ ಕಲ್ಯಾಣ ಮಂಟಪಗಳ ಗೇಟಿಗೆ ಬೀಗ ಬೀಳುತ್ತದೆ. ವಾಲಗದವರು ಊರಿಗೆ ಹೋಗುತ್ತಾರೆ, ಅಡುಗೆ ಭಟ್ಟರು ತಿಥಿ-ವ್ರತಗಳ ಕೆಲಸ ಹಿಡಿಯುತ್ತಾರೆ, ಹೂವಿನವರು ದೇವಸ್ಥಾನದ ಗಿರಾಕಿಗಳನ್ನು ನೆಚ್ಚಿಕೊಳ್ಳುತ್ತಾರೆ. ಇವರಿಗೆಲ್ಲ ಕೆಲಸ ನಿಂತರೆ ವರಮಾನದ ಜೊತೆಗೆ ಖರ್ಚಿನ ದೊಡ್ಡ ಪಾಲೂ ನಿಲ್ಲುತ್ತದೆ. ಮಂಟಪದ ಮಾಲೀಕನಿಗೆ ಆ ಅನುಕೂಲ ಇಲ್ಲ. ಬ್ಯಾಂಕಿನ ಕಂತು, ವಿದ್ಯುತ್ತಿನ ನಿಗದಿತ ಶುಲ್ಕ, ಲಿಫ್ಟಿನ ಎಎಂಸಿ, ಸ್ವಚ್ಛತೆಯ ಏಜೆನ್ಸಿ, ಕಾವಲುಗಾರರ ಸಂಬಳ, ವಿಮೆ, ಇವು ಯಾವುವೂ ಪಂಚಾಂಗ ನೋಡುವುದಿಲ್ಲ. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದಿತ್ತು. ಜೂನ್ ಮೂರನೇ ವಾರದಿಂದ ಆಗಸ್ಟ್ ಮಧ್ಯದವರೆಗೆ ಹೆಚ್ಚುಕಡಿಮೆ ಎರಡು ತಿಂಗಳು ಮದುವೆಯ ಮಾತೇ ಇರಲಿಲ್ಲ. ಬಿಲ್ಲುಗಳು ಮಾತ್ರ ಎರಡೂ ತಿಂಗಳು ತಪ್ಪದೆ ಬಂದವು.

ಈ ವ್ಯಾಪಾರದಲ್ಲಿ ಇನ್ನೊಂದು ಕಟ್ಟುಪಾಡಿದೆ. ಬಟ್ಟೆ ಅಂಗಡಿಯವನು ರಿಯಾಯಿತಿ ಕೊಟ್ಟು ಆಷಾಢದಲ್ಲೂ ಗಿರಾಕಿಯನ್ನು ಕರೆಯಬಲ್ಲ, ಕರೆಯುತ್ತಾನೆ ಕೂಡ. ಮಂಟಪದವನು ಬಾಡಿಗೆ ಅರ್ಧಕ್ಕಿಳಿಸಿದರೂ ಆಷಾಢದಲ್ಲಿ ಹೆಣ್ಣಿನ ಕಡೆಯವರು ಬರುವುದಿಲ್ಲ. ಒಳ್ಳೆಯ ಮುಹೂರ್ತಗಳು ವರ್ಷಕ್ಕೆ ಇಷ್ಟೇ, ಒಂದು ದಿನಕ್ಕೆ ಒಂದೇ ಮದುವೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಕಳೆದು ಉಳಿದ ದಿನಗಳಲ್ಲೇ ವರ್ಷದ ಬದುಕು ನಡೆಯಬೇಕು. ವರಮಾನದ ಕಡೆಯಿಂದ ಮಾಡಬಹುದಾದದ್ದು ಬಹಳ ಕಡಿಮೆ. ಉಳಿಯುವುದು ಖರ್ಚಿನ ಕಡೆ.

ಖರ್ಚು ಇಳಿಸುವುದೆಂದರೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಒಬ್ಬ ಆಳನ್ನು ಬಿಡಿಸುವುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯದಾಗಿ ಹೊಳೆಯಬೇಕಾದ ಉಪಾಯ. ಯಾರನ್ನೂ ಕೇಳದೆ, ಯಾರೂ ಸಹಿ ಹಾಕದೆ, ತಮ್ಮಷ್ಟಕ್ಕೆ ತಾವೇ ಹೋಗುತ್ತಿರುವ ಹಣ ಯಾವುದು ಎಂದು ಮೊದಲು ನೋಡಬೇಕು. ಅದು ಸಣ್ಣದಾಗಿ ಕಾಣುತ್ತದೆ, ಸೀಸನ್ನಿನಲ್ಲಿ ಅದನ್ನು ನೋಡಲು ಪುರುಸೊತ್ತೂ ಇರುವುದಿಲ್ಲ. ಖಾಲಿ ತಿಂಗಳಿನಲ್ಲಿ ಮದುವೆಯ ಗದ್ದಲ ಇಲ್ಲದಿರುವುದರಿಂದ ಅದು ಮೇಲೆ ತೇಲುತ್ತದೆ.

ಒಂದು ಮಧ್ಯಮ ಗಾತ್ರದ ಮಂಟಪವನ್ನು ಕಲ್ಪಿಸಿಕೊಂಡು ಲೆಕ್ಕ ಮಾಡೋಣ. ತಾಲ್ಲೂಕು ಕೇಂದ್ರ, ಎಂಟು ನೂರು ಜನ ಕೂರುವ ಹಾಲ್, ಕೆಳಗೆ ಊಟದ ಮನೆ, ಮೇಲೆ ಹನ್ನೆರಡು ಎಸಿ ಕೊಠಡಿ, ಒಂದು ಲಿಫ್ಟ್, ಒಂದು ಜನರೇಟರ್. ಸ್ವಂತ ಕಟ್ಟಡ, ಅದರ ಮೇಲೆ ಸಾಲ. ವರ್ಷಕ್ಕೆ ಅರವತ್ತು ಕಾರ್ಯಕ್ರಮ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ನಿಮ್ಮವು ಬೇರೆ ಇರುತ್ತವೆ, ಲೆಕ್ಕದ ದಾರಿ ಇದೇ.

ಮೊದಲ ಕೆಲಸ ಬ್ಯಾಂಕಿನಿಂದ ಹದಿಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆಸುವುದು. ಹನ್ನೆರಡು ಸಾಲದು. ವರ್ಷಕ್ಕೊಮ್ಮೆ ಕಟ್ಟುವ ಹಣ ಒಮ್ಮೆ ಜುಲೈ 28ಕ್ಕೆ, ಇನ್ನೊಮ್ಮೆ ಆಗಸ್ಟ್ 3ಕ್ಕೆ ಹೋಗಬಹುದು. ಸರಿಯಾಗಿ ಹನ್ನೆರಡು ತಿಂಗಳು ತೆಗೆದರೆ ಅಂಥದ್ದು ಸಂದಿಯಲ್ಲಿ ಜಾರಿ, ಪಟ್ಟಿಗೆ ಬಾರದೇ ಹೋಗುತ್ತದೆ. ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಮರಳಿ ಮರಳಿ ಕಟ್ಟಬೇಕಾದ ಹಣ ಕಂಡಲ್ಲೆಲ್ಲ ಗೀಟು ಹಾಕಿ. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ, ಯಾವುದಾದರೂ ಸರಿ. ವರ್ಷದ್ದನ್ನು ಹನ್ನೆರಡರಿಂದ ಭಾಗಿಸಿ, ತಿಂಗಳ ಮೊತ್ತವಾಗಿ ಬರೆದುಕೊಳ್ಳಿ. ವರ್ಷಕ್ಕೊಮ್ಮೆ ಕಟ್ಟಿದ 48,000 ರೂಪಾಯಿ ಮನಸ್ಸಿನಲ್ಲಿ ‘ಒಮ್ಮೆ ಕಟ್ಟಿದ್ದು’ ಆಗಿ ಉಳಿದಿರುತ್ತದೆ. ತಿಂಗಳಿಗೆ 4,000 ಎಂದು ಬರೆದಾಗ ಕಾವಲುಗಾರನ ಸಂಬಳದ ಪಕ್ಕದಲ್ಲಿ ನಿಲ್ಲಿಸಿ ನೋಡಲು ಬರುತ್ತದೆ.

ಆದರೆ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಕಾಣದೇ ಹೋಗುವ ಖರ್ಚುಗಳೂ ಇವೆ. ನಗದು ಪುಸ್ತಕದಲ್ಲಿ ಕಸದವರಿಗೆ, ನೀರಿನ ಟ್ಯಾಂಕರಿನವರಿಗೆ ಕೊಟ್ಟದ್ದು ಇರುತ್ತದೆ. ಮನೆಯ ಖಾತೆಯಿಂದಲೋ ಮಗನ ಕ್ರೆಡಿಟ್ ಕಾರ್ಡಿನಿಂದಲೋ ಹೋಗುತ್ತಿರುವ ಮಂಟಪದ ಖರ್ಚು ಇರುತ್ತದೆ. ಇವೆರಡಕ್ಕಿಂತ ಜಾಣತನದಿಂದ ಅಡಗಿ ಕೂರುವುದು ಬರುವ ಹಣದಲ್ಲೇ ಮುರಿದುಕೊಳ್ಳುವ ಖರ್ಚು. ಕ್ಯೂಆರ್ ಕೋಡಿನ ಜೊತೆ ಕೊಟ್ಟ, ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗುವ ಸೌಂಡ್‌ಬಾಕ್ಸಿನ ತಿಂಗಳ ಬಾಡಿಗೆಯನ್ನು ಕಂಪನಿಗಳು ಸಾಮಾನ್ಯವಾಗಿ ನಮ್ಮ ಖಾತೆಗೆ ಜಮಾ ಮಾಡುವ ಹಣದಲ್ಲೇ ಕಳೆದುಕೊಳ್ಳುತ್ತವೆ. ಸ್ಟೇಟ್‌ಮೆಂಟಿನಲ್ಲಿ ಖರ್ಚಿನ ಸಾಲೇ ಇರುವುದಿಲ್ಲ, ಜಮಾ ಆದದ್ದು ಸ್ವಲ್ಪ ಕಡಿಮೆ ಇರುತ್ತದೆ, ಅಷ್ಟೇ. ಆಫೀಸಿನಲ್ಲಿ ಒಂದು, ಊಟದ ಮನೆಯಲ್ಲಿ ಒಂದು, ಹಳೆಯ ಮ್ಯಾನೇಜರ್ ಇದ್ದಾಗ ತಂದು ಡ್ರಾಯರಿನಲ್ಲಿ ಮಲಗಿಸಿದ್ದು ಒಂದು, ಹೀಗೆ ಮೂರು ಬಾಕ್ಸುಗಳಿಗೆ ಬಾಡಿಗೆ ಹೋಗುತ್ತಿರಬಹುದು. ಇದನ್ನು ಹಿಡಿಯಲು ಆ ಕಂಪನಿಯ ಆ್ಯಪಿನಲ್ಲೇ ಜಮಾ ವಿವರ ತೆರೆದು ನೋಡಬೇಕು.

ಹೀಗೆಲ್ಲ ಕೂಡಿಸಿದಾಗ ನಮ್ಮ ಉದಾಹರಣೆಯ ಮಂಟಪದ ತಿಂಗಳ ಖರ್ಚು ಹೀಗೆ ಬರುತ್ತದೆ ಎಂದುಕೊಳ್ಳಿ. ಸಾಲದ ಕಂತು 60,000. ಸ್ವಚ್ಛತಾ ಏಜೆನ್ಸಿಗೆ ನಾಲ್ಕು ಜನರ ಲೆಕ್ಕದಲ್ಲಿ 56,000. ಮ್ಯಾನೇಜರ್ ಮತ್ತು ಇಬ್ಬರು ಕಾವಲುಗಾರರಿಗೆ 53,000. ವಿದ್ಯುತ್ತಿನ ನಿಗದಿತ ಶುಲ್ಕ 12,000, ಕಾರ್ಯಕ್ರಮವೇ ಇಲ್ಲದಾಗಲೂ ಉರಿಯುವ ಯೂನಿಟ್ಟುಗಳಿಗೆ ಸುಮಾರು 4,600. ಎಲ್ಲ ಎಎಂಸಿ ಸೇರಿ 12,000. ವಿಮೆ, ಆಸ್ತಿ ತೆರಿಗೆ, ಪರವಾನಗಿಗಳು 15,000. ಫೋನು, ಇಂಟರ್‌ನೆಟ್, ವೆಬ್‌ಸೈಟ್, ಮದುವೆ ಮಂಟಪಗಳನ್ನು ಪಟ್ಟಿ ಮಾಡುವ ಪೋರ್ಟಲ್‌ಗಳ ಚಂದಾ 9,000. ಲೆಕ್ಕಪತ್ರದವರು ಮತ್ತು ಚಿಲ್ಲರೆ 8,400. ಒಟ್ಟು 2,30,000. ವರ್ಷಕ್ಕೆ 27,60,000.

ಒಂದು ಕಾರ್ಯಕ್ರಮದ ಬಾಡಿಗೆಯಲ್ಲಿ ಆ ದಿನದ್ದೇ ಖರ್ಚು ಕಳೆದು 50,000 ಉಳಿಯುತ್ತದೆ ಎಂದಿಟ್ಟುಕೊಂಡರೆ, ಬಾಗಿಲು ತೆರೆದಿಟ್ಟ ಖರ್ಚನ್ನು ಹೊರುವುದಕ್ಕೇ 55ಕ್ಕಿಂತ ತುಸು ಹೆಚ್ಚು ಮದುವೆ ಬೇಕು. ಲಾಭ ಶುರುವಾಗುವುದು 56ನೆಯ ಮದುವೆಯಿಂದ. ಅರವತ್ತರಲ್ಲಿ ಮಾಲೀಕನಿಗೆ ನಿಜವಾಗಿ ಉಳಿಯುವುದು ಐದು ಮದುವೆಗಿಂತ ತುಸು ಕಡಿಮೆ ಹಣ, 2,40,000 ರೂಪಾಯಿ. ಮಂಟಪ ಇಟ್ಟುಕೊಂಡವರೆಲ್ಲ ಸಾಹುಕಾರರು ಎಂದು ಊರು ನಂಬಿರುತ್ತದೆ!

ಇನ್ನು ಒಂದೊಂದಾಗಿ. ವಿದ್ಯುತ್ ಬಿಲ್ಲಿನಿಂದಲೇ ಶುರು ಮಾಡೋಣ, ಏಕೆಂದರೆ ಅದನ್ನು ಜನ ಕೊನೆಯ ಮೊತ್ತ ಮಾತ್ರ ನೋಡಿ ಮಡಚಿಡುತ್ತಾರೆ.

ಕರ್ನಾಟಕದಲ್ಲಿ ವಾಣಿಜ್ಯ ಸಂಪರ್ಕದ ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಭಾಗ. ಬಳಸಿದ ಯೂನಿಟ್ಟಿನ ಹಣ ಒಂದು. ಮಂಜೂರಾದ ಲೋಡಿಗೆ, ಕಿಲೋವ್ಯಾಟಿಗೆ ಇಷ್ಟೆಂದು ಪ್ರತಿ ತಿಂಗಳು ಕಟ್ಟುವ ನಿಗದಿತ ಶುಲ್ಕ ಇನ್ನೊಂದು. ಈ ದರವನ್ನು ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಕಾಲಕಾಲಕ್ಕೆ ಬದಲಿಸುತ್ತದೆ. ನಿಮ್ಮ ದರ ನಿಮ್ಮ ಬಿಲ್ಲಿನಲ್ಲೇ ಇರುತ್ತದೆ. ಲೆಕ್ಕಕ್ಕೆ ಕಿಲೋವ್ಯಾಟಿಗೆ 200 ರೂಪಾಯಿ ಎಂದುಕೊಳ್ಳೋಣ. ನಮ್ಮ ಮಂಟಪದ ಮಂಜೂರಾತಿ 60 ಕಿಲೋವ್ಯಾಟ್, ಆದ್ದರಿಂದ ಒಂದು ಬಲ್ಬೂ ಹಚ್ಚದೆ 12,000.

ಈ 60 ಎಲ್ಲಿಂದ ಬಂತು? ಕಟ್ಟಡ ಕಟ್ಟಿದಾಗ ಗುತ್ತಿಗೆದಾರರು ಎಲ್ಲ ಪಾಯಿಂಟುಗಳನ್ನೂ ಕೂಡಿಸಿ, ‘ಇರಲಿ’ ಎಂದು ಸ್ವಲ್ಪ ಸೇರಿಸಿ ಅರ್ಜಿ ಹಾಕಿರುತ್ತಾರೆ. ಆಗ ಹಾಲಿನಲ್ಲಿ ಹ್ಯಾಲೋಜನ್ ದೀಪಗಳಿದ್ದವು, ಈಗ ಎಲ್‌ಇಡಿ ಇವೆ. ಲೋಡು ಇಳಿದಿದೆ, ಮಂಜೂರಾತಿ ಹಾಗೇ ಉಳಿದಿದೆ. ನಿಜವಾಗಿ ಎಷ್ಟು ಬೇಕು ಎಂಬುದು ಬಿಲ್ಲಿನಲ್ಲಿ ‘ದಾಖಲಾದ ಬೇಡಿಕೆ’ ಎಂಬ ಸಾಲಿನಲ್ಲಿದೆ. ಆ ತಿಂಗಳಲ್ಲಿ ಒಮ್ಮೆ ಮುಟ್ಟಿದ ಅತಿ ಹೆಚ್ಚಿನ ಲೋಡು ಅದು. ಹಿಂದಿನ ಒಂದು ವರ್ಷದ ಬಿಲ್ಲುಗಳನ್ನು ಜೋಡಿಸಿ ಆ ಒಂದು ಸಾಲನ್ನು ಮಾತ್ರ ಓದಿ. ನಮ್ಮ ಮಂಟಪದಲ್ಲಿ ಮೇ ತಿಂಗಳಲ್ಲಿ 38 ಕಿಲೋವ್ಯಾಟ್ ಬಂದಿದೆ, ಉಳಿದೆಲ್ಲ ತಿಂಗಳು ಅದಕ್ಕಿಂತ ಕಡಿಮೆ. ಮೀಟರಿನ ಮುಖವನ್ನೇ ಓದುವವರು ಒಂದು ವಿಷಯ ಗಮನಿಸಬೇಕು. ದೊಡ್ಡ ಸಂಪರ್ಕಗಳಲ್ಲಿ ಮೀಟರಿಗೆ ಕರೆಂಟು ನೇರವಾಗಿ ಹೋಗುವುದಿಲ್ಲ, ಸಿಟಿ ಎಂಬ ಸಣ್ಣ ಟ್ರಾನ್ಸ್‌ಫಾರ್ಮರಿನ ಮೂಲಕ ಹೋಗುತ್ತದೆ. ಅಲ್ಲಿ ಕಂಡದ್ದನ್ನು ಬಿಲ್ಲಿನಲ್ಲಿ ಬರೆದಿರುವ ಗುಣಕದಿಂದ ಗುಣಿಸಬೇಕು. 100/5ರ ಸಿಟಿ ಇದ್ದರೆ ಗುಣಕ 20. ಮೀಟರಿನಲ್ಲಿ 1.9 ಕಂಡರೆ ಅದು 38.

ಹಾಗಾದರೆ 40ಕ್ಕೆ ಇಳಿಸಿಬಿಡೋಣವೇ? ತಡೆಯಿರಿ. ಇಲ್ಲೇ ಎಡವುವುದು. ಕೆಇಬಿ ಕರೆಂಟು ಹೋಗಿ ಜನರೇಟರ್ ಓಡಿದ ಹೊತ್ತನ್ನು ಈ ಮೀಟರ್ ನೋಡಿಯೇ ಇಲ್ಲ. ಮೇ ತಿಂಗಳ ಅತಿ ದೊಡ್ಡ ಆರತಕ್ಷತೆಯ ಸಂಜೆ ಗುಡುಗು ಮಳೆ ಬಂದು ಎರಡು ಗಂಟೆ ಜನರೇಟರಿನಲ್ಲೇ ನಡೆದಿದ್ದರೆ, ವರ್ಷದ ನಿಜವಾದ ಗರಿಷ್ಠ ಲೋಡು ಬಿಲ್ಲಿನ ಹೊರಗೇ ಉಳಿದಿದೆ. ಡೆಕೊರೇಶನ್‌ನವರು ತಮ್ಮದೇ ಜನರೇಟರ್ ತಂದಿದ್ದರೂ ಅದೇ ಕಥೆ. ಆದ್ದರಿಂದ ಜನರೇಟರಿನ ಲಾಗ್ ಪುಸ್ತಕವನ್ನೂ ಬುಕಿಂಗ್ ಡೈರಿಯನ್ನೂ ಬಿಲ್ಲಿನ ಪಕ್ಕ ಇಟ್ಟು ತಾಳೆ ನೋಡಬೇಕು. ಮಂಜೂರಾತಿಯನ್ನು ಮೀರಿದರೆ ಮೀರಿದ ಭಾಗಕ್ಕೆ ದಂಡದ ದರ ಬೀಳುತ್ತದೆ. ಆಷಾಢಕ್ಕೆ ಇಳಿಸಿ ಶ್ರಾವಣಕ್ಕೆ ಏರಿಸುವ ಆಟವೂ ನಡೆಯುವುದಿಲ್ಲ. ಇಳಿಸಲು ಅರ್ಜಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ವರದಿ, ಮತ್ತೆ ಕರಾರು ಎಲ್ಲ ಬೇಕು. ಮುಂದೆ ಮತ್ತೆ ಏರಿಸಬೇಕೆಂದರೆ ಠೇವಣಿ, ಶುಲ್ಕ ಎಲ್ಲ ಹೊಸದಾಗಿ ಕಟ್ಟಬೇಕು. ಖಾಲಿ ತಿಂಗಳನ್ನು ನೋಡಿ ಲೋಡು ನಿರ್ಧರಿಸಬಾರದು, ತುಂಬಿದ ತಿಂಗಳನ್ನು ನೋಡಿ ನಿರ್ಧರಿಸಬೇಕು. ನಮ್ಮ ಮಂಟಪ 45ಕ್ಕೆ ಇಳಿಸಿತು ಎನ್ನೋಣ. ತಿಂಗಳಿಗೆ 3,000, ವರ್ಷಕ್ಕೆ 36,000 ಉಳಿಯಿತು. ಈ ಉಳಿತಾಯದಿಂದ ಯಾವ ಅತಿಥಿಗೂ ಏನೂ ಕಡಿಮೆಯಾಗುವುದಿಲ್ಲ.

ಎರಡನೆಯ ಭಾಗ ಇನ್ನೂ ಸ್ವಾರಸ್ಯದ್ದು. ಬೀಗ ಹಾಕಿದ ಕಟ್ಟಡ ಯೂನಿಟ್ ಏಕೆ ತಿನ್ನುತ್ತದೆ? ಕಾರ್ಯಕ್ರಮವಿಲ್ಲದ ಒಂದು ದಿನ ರಾತ್ರಿ ಹತ್ತಕ್ಕೆ ಮೀಟರ್ ಬರೆದುಕೊಳ್ಳಿ, ಬೆಳಿಗ್ಗೆ ಆರಕ್ಕೆ ಇನ್ನೊಮ್ಮೆ. ಗುಣಕದಿಂದ ಗುಣಿಸಿದ ಮೇಲೆ ಎಂಟು ಗಂಟೆಯಲ್ಲಿ 6.4 ಯೂನಿಟ್ ಹೋಗಿದ್ದರೆ, ಗಂಟೆಗೆ 0.8 ಯೂನಿಟ್ ಎಂದಾಯಿತು. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ ಎಂದರೆ 576 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ 4,608. ಬಳಿಕ ಟಾರ್ಚ್ ಹಿಡಿದು ಕಟ್ಟಡ ಸುತ್ತಿ, ಒಂದೊಂದೇ ಎಂಸಿಬಿ ಇಳಿಸುತ್ತ ಮೀಟರ್ ನೋಡಿದರೆ ಕಳ್ಳ ಸಿಗುತ್ತಾನೆ. ಅಡುಗೆ ಮನೆಯಲ್ಲಿ ಖಾಲಿಯಾಗಿ ಓಡುತ್ತಿರುವ ಡೀಪ್ ಫ್ರೀಜರ್, ಹನ್ನೆರಡು ಕೊಠಡಿಗಳ ಎಸಿ ಮತ್ತು ಗೀಸರುಗಳ ಸ್ಟೆಬಿಲೈಸರ್‌ಗಳು, ಯಾರಿಗೂ ಕಾಣದಿದ್ದರೂ ರಾತ್ರಿಯಿಡೀ ಹೊಳೆಯುವ ಬೋರ್ಡು, ಹಾಲಿನ ಆಡಿಯೋ ರ‍್ಯಾಕ್. ಸಿಸಿಟಿವಿ ಮತ್ತು ಕಾವಲಿನ ದೀಪಗಳು ಇರಲೇಬೇಕು. ಉಳಿದದ್ದನ್ನು ಎಂಸಿಬಿಯಲ್ಲೇ ಆರಿಸಿದರೆ 0.8 ಇದ್ದದ್ದು 0.3ಕ್ಕೆ ಬರುತ್ತದೆ. ತಿಂಗಳಿಗೆ 360 ಯೂನಿಟ್, 2,880 ರೂಪಾಯಿ.

ಈಗ ದೊಡ್ಡ ತುಂಡು, ಸ್ವಚ್ಛತೆಯ ಏಜೆನ್ಸಿ. ಅರವತ್ತು ಕಾರ್ಯಕ್ರಮಕ್ಕಾಗಿ ನಾಲ್ವರನ್ನು ವರ್ಷವಿಡೀ ಇಟ್ಟುಕೊಂಡಿದ್ದೇವೆ. ಇಬ್ಬರನ್ನು ಕಾಯಮ್ಮಾಗಿ ಉಳಿಸಿಕೊಂಡು, ಕಾರ್ಯಕ್ರಮದ ದಿನ ಏಜೆನ್ಸಿಯಿಂದ ನಾಲ್ವರನ್ನು ತಲೆಗೆ 800ರಂತೆ ಕರೆಸಿದರೆ? ತಿಂಗಳ 56,000 ಅರ್ಧಕ್ಕಿಳಿದು 28,000 ಆಗುತ್ತದೆ, ವರ್ಷಕ್ಕೆ 3,36,000 ಕಡಿಮೆ. ಆದರೆ ಪ್ರತಿ ಕಾರ್ಯಕ್ರಮಕ್ಕೆ 3,200 ಹೊಸ ಖರ್ಚು ಸೇರುತ್ತದೆ, ಅರವತ್ತಕ್ಕೆ 1,92,000. ನಿವ್ವಳ ಉಳಿತಾಯ 1,44,000. ಈ ಲೆಕ್ಕವನ್ನು ಎರಡೂ ಕಡೆಯಿಂದ ಮಾಡದೆ ‘ಮೂರು ಲಕ್ಷ ಉಳಿಸಿದೆ’ ಎಂದು ಹೇಳಿಕೊಳ್ಳುವವರೇ ಹೆಚ್ಚು. ಇದೇ ಮಂಟಪಕ್ಕೆ ವರ್ಷಕ್ಕೆ 105ಕ್ಕಿಂತ ಹೆಚ್ಚು ಕಾರ್ಯಕ್ರಮ ಬರುತ್ತಿದ್ದರೆ ಹಳೆಯ ಏರ್ಪಾಡೇ ಅಗ್ಗ. ಬೆಂಗಳೂರಿನ ಗಿಜಿಗುಡುವ ಮಂಟಪಕ್ಕೆ ಸರಿಯಾದದ್ದು ತಾಲ್ಲೂಕು ಕೇಂದ್ರಕ್ಕೆ ಸರಿಯಲ್ಲ, ಅಲ್ಲಿಯದನ್ನು ನೋಡಿ ಇಲ್ಲಿ ಮಾಡಬಾರದು.

ಆಳನ್ನು ಬಿಡಿಸುವುದು ಕೊನೆಯ ಉಪಾಯ ಎಂದವನೇ ಇಬ್ಬರನ್ನು ಕಡಿಮೆ ಮಾಡಿದೆಯಲ್ಲ ಎಂದು ಓದುಗರು ಹಿಡಿಯಬಹುದು. ಆ ಇಬ್ಬರನ್ನು ಏಜೆನ್ಸಿ ಬೇರೆ ಕಡೆ ಹಾಕುತ್ತದೆಯೇ ಎಂದು ಕೇಳಿ, ಅದಾದ ಮೇಲೆ ಪತ್ರ ಕೊಡುವುದು ಮರ್ಯಾದೆ. ಮಂಟಪದ ಮ್ಯಾನೇಜರನ್ನೂ ಕಾವಲುಗಾರರನ್ನೂ ನಾನು ಮುಟ್ಟುವುದಿಲ್ಲ. ಯಾವ ಎಂಸಿಬಿ ಯಾವ ಕೋಣೆಗೆ, ಯಾವ ವಾಲ್ವ್ ತಿರುಗಿಸಿದರೆ ಊಟದ ಮನೆಗೆ ನೀರು ಬರುತ್ತದೆ ಎಂದು ಬಲ್ಲವರು ಅವರೇ. ಶ್ರಾವಣದ ಮೊದಲ ಮದುವೆಯ ಬೆಳಗಿನ ಜಾವ ನಾಲ್ಕು ಗಂಟೆಗೆ ಅವರಿಲ್ಲದಿದ್ದರೆ ಉಳಿಸಿದ ಸಂಬಳಕ್ಕಿಂತ ಹೆಚ್ಚು ಹೋಗುತ್ತದೆ.

ಏಜೆನ್ಸಿ ಬಿಲ್ಲಿನ ವಿಷಯದಲ್ಲಿ ಜಿಎಸ್‌ಟಿಯದೊಂದು ಸೂಕ್ಷ್ಮ ಇದೆ. ಸೇವಾ ವ್ಯವಹಾರದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ನೋಂದಣಿ ಇದ್ದವರು ಬಾಡಿಗೆಯ ಮೇಲೆ ಜಿಎಸ್‌ಟಿ ವಸೂಲು ಮಾಡುತ್ತಾರೆ, ಏಜೆನ್ಸಿಗೆ ಕಟ್ಟಿದ ಜಿಎಸ್‌ಟಿಯನ್ನು ಅದರಲ್ಲಿ ಕಳೆದುಕೊಳ್ಳಬಹುದು. ಹಾಗಾಗಿ ಅವರು ತೆರಿಗೆ ಬಿಟ್ಟ ಮೊತ್ತವನ್ನೇ ಖರ್ಚೆಂದು ಹಿಡಿಯಬೇಕು. ನೋಂದಣಿ ಇಲ್ಲದ ಸಣ್ಣ ಛತ್ರದವರಿಗೆ ತೆರಿಗೆ ಸೇರಿದ ಪೂರ್ತಿ ಮೊತ್ತವೇ ಖರ್ಚು. ಇಬ್ಬರ ಲೆಕ್ಕವನ್ನು ಒಂದೇ ಪಟ್ಟಿಯಲ್ಲಿಟ್ಟು ಹೋಲಿಸಿದರೆ ತಪ್ಪು ತೀರ್ಮಾನ ಬರುತ್ತದೆ.

ಎಎಂಸಿಗಳಲ್ಲಿ ಬೆಲೆಗಿಂತ ಮೊದಲು ನೋಡಬೇಕಾದದ್ದು ಸರ್ವೀಸ್ ಚೀಟಿಗಳನ್ನು. ಕರಾರಿನಲ್ಲಿ ವರ್ಷಕ್ಕೆ ನಾಲ್ಕು ಭೇಟಿ ಎಂದಿರುತ್ತದೆ, ಫೈಲಿನಲ್ಲಿ ಸಹಿಯಾದ ಚೀಟಿ ಎರಡೇ ಇರುತ್ತವೆ. ಹಾಗಿದ್ದರೆ ನಿಮ್ಮ ಕೈಯಲ್ಲಿ ಮಾತಿಗೆ ಬಲ ಇದೆ. ಹೊಸ ವರ್ಷದ ದರದಲ್ಲಿ ಕಡಿತ ಕೇಳಬಹುದು, ಇಲ್ಲವೇ ಬಾರದ ಭೇಟಿಗಳಿಗೆ ಆರು ತಿಂಗಳು ಮುಂದುವರಿಸಿ ಎನ್ನಬಹುದು. ನಮ್ಮ ಮಂಟಪದ ಹನ್ನೆರಡು ಎಸಿಗಳಿಗೆ ಬಿಡಿಭಾಗವೂ ಸೇರಿ ಎಎಂಸಿ 60,000 ಇತ್ತು. ವರ್ಷಕ್ಕೆ ಅರವತ್ತು ದಿನ ಓಡುವ ಯಂತ್ರಕ್ಕೆ ಇದು ಹೆಚ್ಚಾಯಿತು. ಸೀಸನ್ನಿಗೆ ಮುಂಚೆ ಎರಡು ಸಲ, ಒಂದಕ್ಕೆ 700ರಂತೆ ಸರ್ವೀಸ್ ಮಾಡಿಸಿದರೆ 16,800. ಕೆಟ್ಟರೆ ಇರಲಿ ಎಂದು 20,000 ಎತ್ತಿಟ್ಟರೂ 23,200 ಉಳಿಯುತ್ತದೆ. ಆ ಎತ್ತಿಟ್ಟ ಹಣವನ್ನು ಮರೆತು ಅದನ್ನೂ ಉಳಿತಾಯ ಎಂದು ಎಣಿಸಿದರೆ, ಮೊದಲ ಕಂಪ್ರೆಸರ್ ಸುಟ್ಟ ದಿನ ಲೆಕ್ಕ ಬುಡಮೇಲಾಗುತ್ತದೆ.

ಲಿಫ್ಟಿನ ಎಎಂಸಿ ಬೇರೆ ಮಾತು. ಅದು ಪರವಾನಗಿ ಬೇಕಾದ ಯಂತ್ರ, ನಿರ್ವಹಣೆ ಕಾನೂನಿನ ಹೊಣೆ, ಒಳಗೆ ನಿಲ್ಲುವುದು ಹುಡುಗನ ಅಜ್ಜಿ. ಮುಟ್ಟಬೇಡಿ. ಜನರೇಟರಿನದನ್ನೂ ಬಿಡಿ. ಖಾಲಿ ತಿಂಗಳಲ್ಲಿ ಡೀಸೆಲ್ ಉಳಿಸಲು ಅದನ್ನು ಸುಮ್ಮನೆ ನಿಲ್ಲಿಸಿಬಿಟ್ಟರೆ ಬ್ಯಾಟರಿ ಸಾಯುತ್ತದೆ. ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಲೋಡ್ ಕೊಟ್ಟು ಓಡಿಸುವುದೇ ಅಗ್ಗ.

ಫೋನು, ಪೋರ್ಟಲ್, ಸಾಫ್ಟ್‌ವೇರ್‌ಗಳ 9,000ದಲ್ಲಿ ಸಾಮಾನ್ಯವಾಗಿ ಅರ್ಧ ಸತ್ತ ಖರ್ಚು. ಪೋರ್ಟಲ್ ಇರಬೇಕೋ ಬೇಡವೋ ಎಂಬುದಕ್ಕೆ ಬುಕಿಂಗ್ ಡೈರಿಯೇ ಸಾಕ್ಷಿ. ಕಳೆದ ವರ್ಷ ಬುಕ್ ಮಾಡಿದವರು ನಮ್ಮ ಬಗ್ಗೆ ಎಲ್ಲಿ ತಿಳಿದರು ಎಂದು ಮ್ಯಾನೇಜರನ್ನು ಕೇಳಿ. ತಾಲ್ಲೂಕು ಊರಲ್ಲಿ ಉತ್ತರ ಹೆಚ್ಚಾಗಿ ‘ಅವರ ಅಣ್ಣನ ಮದುವೆಯೂ ಇಲ್ಲೇ ಆಗಿದ್ದು’ ಎಂದಿರುತ್ತದೆ. ಒಂದು ಬುಕಿಂಗೂ ತಾರದ ಚಂದಾ ನಿಲ್ಲಿಸಬಹುದು. ಇಲ್ಲಿ ತಿಂಗಳಿಗೆ 4,000 ಉಳಿದರೂ ವರ್ಷಕ್ಕೆ 48,000.

ನಿಲ್ಲಿಸುವ ಕ್ರಮ ಮಾತ್ರ ಗೊತ್ತಿರಬೇಕು. ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಯುಪಿಐ ಆಟೋಪೇ ಆಗಿದ್ದರೆ ಯಾವ ಯುಪಿಐ ಆ್ಯಪಿನಲ್ಲಿ ಒಪ್ಪಿಗೆ ಕೊಟ್ಟಿದ್ದೀರೋ ಅಲ್ಲಿ ಹೋಗಿ ರದ್ದು ಮಾಡಬೇಕು. ಕಾರ್ಡಿನಿಂದ ತಾನಾಗಿ ಹೋಗುವ ಹಣಕ್ಕೆ 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿದೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು, ಆಗ ಬೇಡ ಎನ್ನಲು ಅವಕಾಶ ಇರುತ್ತದೆ. ಆ ಸಂದೇಶ ನಾಲ್ಕು ವರ್ಷ ಹಿಂದೆ ಬಿಟ್ಟುಹೋದ ಮ್ಯಾನೇಜರನ ನಂಬರಿಗೆ ಹೋಗುತ್ತಿದೆಯೇ ನೋಡಿಕೊಳ್ಳಿ. ಇನ್ನೊಂದು ಮಾತು. ಕಡಿತ ನಿಲ್ಲಿಸಿದ ಮಾತ್ರಕ್ಕೆ ಕರಾರು ಮುಗಿಯುವುದಿಲ್ಲ. ಬರೆದು ತಿಳಿಸದೆ ಹಣ ಮಾತ್ರ ತಡೆದರೆ ಅವರು ಬಾಕಿ ಎಂದು ಬೆನ್ನು ಹತ್ತುತ್ತಾರೆ. ಸಾಲದ ಕಂತಿನ ಮ್ಯಾಂಡೇಟನ್ನಂತೂ ಯಾವ ಕಾರಣಕ್ಕೂ ಹೀಗೆ ನಿಲ್ಲಿಸಬಾರದು. ಬೌನ್ಸ್ ಶುಲ್ಕ ಬೀಳುತ್ತದೆ, ಸಿಬಿಲ್ ಕೆಡುತ್ತದೆ, ಮುಂದಿನ ಸಾಲ ದುಬಾರಿಯಾಗುತ್ತದೆ.

ಕತ್ತರಿಸಬಾರದ ಇನ್ನೊಂದು ಸಾಲು ಬೆಂಕಿ ವಿಮೆ. ಪ್ರೀಮಿಯಂ ಇಳಿಸಲೆಂದು ವಿಮೆಯ ಮೊತ್ತವನ್ನು ಇಳಿಸುವವರಿದ್ದಾರೆ. 2 ಕೋಟಿ ಬೆಲೆಯ ಕಟ್ಟಡವನ್ನು 1 ಕೋಟಿಗೆ ವಿಮೆ ಮಾಡಿಸಿದರೆ, ಅಡುಗೆ ಮನೆಗೆ ಬೆಂಕಿ ಬಿದ್ದು 20 ಲಕ್ಷ ನಷ್ಟವಾದಾಗ ಕಂಪನಿ 20 ಲಕ್ಷ ಕೊಡುವುದಿಲ್ಲ. ಅರ್ಧ ಬೆಲೆಗೆ ವಿಮೆ ಮಾಡಿಸಿದವನಿಗೆ ನಷ್ಟದಲ್ಲೂ ಅರ್ಧ ಎಂಬ ನಿಯಮ ಹಚ್ಚಿ 10 ಲಕ್ಷದ ಲೆಕ್ಕ ತೋರಿಸುತ್ತದೆ. ಜಿಎಸ್‌ಟಿ ರಿಟರ್ನನ್ನೂ ವ್ಯಾಪಾರವಿಲ್ಲ ಎಂದು ಬಿಡುವಂತಿಲ್ಲ. ಶೂನ್ಯ ವಹಿವಾಟಿನ ರಿಟರ್ನಿಗೂ ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಆಸ್ತಿ ತೆರಿಗೆಯಲ್ಲಿ ಉಳಿಸುವ ದಾರಿ ಒಂದಿದೆ, ಅದು ಏಪ್ರಿಲಿನಲ್ಲಿ ಕಟ್ಟಿದವರಿಗೆ ಸಿಗುವ ಶೇ 5 ರಿಯಾಯಿತಿ. ಆಷಾಢದಲ್ಲಿ ನೆನಪಾದರೆ ಪ್ರಯೋಜನವಿಲ್ಲ, ಮುಂದಿನ ವರ್ಷಕ್ಕೆ ಬರೆದಿಟ್ಟುಕೊಳ್ಳಬೇಕು.

ಈಗ ಕೂಡಿಸೋಣ. ವರ್ಷಕ್ಕೆ ಮಂಜೂರಾತಿ ಲೋಡಿನಲ್ಲಿ 36,000, ಸುಮ್ಮನೆ ಉರಿಯುತ್ತಿದ್ದ ಯೂನಿಟ್ಟುಗಳಲ್ಲಿ 34,560, ಸ್ವಚ್ಛತೆಯ ಸ್ಥಿರ ಭಾಗದಲ್ಲಿ 3,36,000, ಎಸಿ ಎಎಂಸಿಯಲ್ಲಿ 23,200, ಚಂದಾಗಳಲ್ಲಿ 48,000. ಸ್ಥಿರ ಖರ್ಚು 27,60,000 ಇದ್ದದ್ದು 22,82,240ಕ್ಕೆ ಬಂತು. ಕಾರ್ಯಕ್ರಮಕ್ಕೆ ಉಳಿಯುತ್ತಿದ್ದ 50,000ದಲ್ಲಿ 3,200 ಕಳೆದು 46,800 ಆಯಿತು. ಭಾಗಿಸಿ ನೋಡಿದರೆ ಮೊದಲು 56ನೆಯ ಮದುವೆಯಿಂದ ಶುರುವಾಗುತ್ತಿದ್ದ ಲಾಭ ಈಗ 49ನೆಯದರಿಂದ ಶುರುವಾಗುತ್ತದೆ. ಅರವತ್ತು ಕಾರ್ಯಕ್ರಮಕ್ಕೆ ಉಳಿಯುತ್ತಿದ್ದ 2,40,000 ರೂಪಾಯಿ 5,25,760 ಆಗುತ್ತದೆ. ಸಾಲದ ಕಂತನ್ನು ಮುಟ್ಟಿಲ್ಲ, ಬಾಡಿಗೆ ಏರಿಸಿಲ್ಲ, ಒಂದು ಮುಹೂರ್ತವನ್ನೂ ಹೆಚ್ಚಿಗೆ ಹುಡುಕಿಲ್ಲ. ಅದಕ್ಕಿಂತ ಮುಖ್ಯವಾದ ಬದಲಾವಣೆ ಕಾರ್ಯಕ್ರಮ ಕಡಿಮೆಯಾದ ವರ್ಷದಲ್ಲಿ ಕಾಣುತ್ತದೆ. ಅಧಿಕಮಾಸ ಬಂದು ಐವತ್ತಕ್ಕೇ ನಿಂತರೆ ಹಳೆಯ ಲೆಕ್ಕದಲ್ಲಿ 2,60,000 ಕೈಯಿಂದ ಹಾಕಬೇಕಿತ್ತು, ಹೊಸ ಲೆಕ್ಕದಲ್ಲಿ 57,760 ಉಳಿಯುತ್ತದೆ.

ಇದೆಲ್ಲ ಕೆಡುವುದು ಸಾಮಾನ್ಯವಾಗಿ ಒಂದು ಕಡೆ, ತಾರೀಖಿನಲ್ಲಿ. ಏಜೆನ್ಸಿಯ ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಎಂದಿದ್ದು, ಅದು ಸೆಪ್ಟೆಂಬರ್ ಕೊನೆಗೆ ಮುಗಿಯುವುದಾದರೆ, ಪತ್ರ ಜುಲೈ ಕೊನೆಯೊಳಗೆ ಅವರ ಕೈ ಸೇರಬೇಕು. ಆಗಸ್ಟಿನಲ್ಲಿ ಎಚ್ಚರಾದರೆ ಇನ್ನೊಂದು ವರ್ಷ ಹಳೆಯ ದರವೇ. ಆದ್ದರಿಂದ ಪಟ್ಟಿಯ ಪ್ರತಿ ಸಾಲಿನ ಎದುರು ಮೊತ್ತದ ಜೊತೆಗೆ ಎರಡು ತಾರೀಖು ಬರೆಯಿರಿ, ಕರಾರು ಮುಗಿಯುವುದು ಯಾವಾಗ, ಬೇಡವೆಂದು ಹೇಳಲು ಕೊನೆಯ ದಿನ ಯಾವುದು. ಎರಡನೆಯದನ್ನು ಬುಕಿಂಗ್ ಡೈರಿಯ ಆಯಾ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿಡಿ. ಮಂಟಪದಲ್ಲಿ ದಿನಾ ತೆರೆಯುವ ಪುಸ್ತಕ ಅದೊಂದೇ.